ಅಂಗಡಿಗೆ ಕನ್ನಡ ಲಿಪಿಯ ಡೊಮೈನ್: ಬೋರ್ಡಿಗೆ ಚೆಂದ, ಬಳಕೆಗೆ ಹೇಗೆ?

ತಿಪಟೂರಿನವಳು

ನಮ್ಮದು ಗಾಣದ ಎಣ್ಣೆಯ ಅಂಗಡಿ. ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು ಮೂರನ್ನೂ ಅಂಗಡಿಯ ಹಿಂದೆಯೇ ಹಿಂಡುತ್ತೇವೆ. ಅರ್ಧ ವ್ಯಾಪಾರ ಅಂಗಡಿಯಲ್ಲಿ, ಉಳಿದರ್ಧ ವಾಟ್ಸಾಪ್‌ನಲ್ಲಿ ಬರುವ ಬೆಂಗಳೂರು ಮತ್ತು ಹಾಸನದ ಆರ್ಡರುಗಳು. ಈಗ ಒಂದು ಪುಟ್ಟ ವೆಬ್‌ಸೈಟ್ ಮಾಡಿಸುತ್ತಿದ್ದೇನೆ. ದರಪಟ್ಟಿ, ಫೋನ್ ನಂಬರು, ಬರುವ ದಾರಿ, ಅಷ್ಟೇ.

ಬೋರ್ಡು ಮತ್ತು ಡಬ್ಬಿಯ ಚೀಟಿ ಎರಡನ್ನೂ ಹೊಸದಾಗಿ ಬರೆಸಬೇಕಾಗಿದೆ. ವಿಳಾಸವನ್ನು ಕನ್ನಡದಲ್ಲೇ, ಅಂದರೆ «ಗಾಣದಮನೆ.ಭಾರತ» ಎಂದು ಹಾಕಿಸುವ ಆಸೆ. ವೆಬ್‌ಸೈಟ್ ಮಾಡುವ ಹುಡುಗ ಮಾತ್ರ «ಬೇಡ ಅಕ್ಕ, ತಲೆನೋವು» ಎನ್ನುತ್ತಾನೆ. ಯಾವ ತಲೆನೋವು ಎಂದು ಕೇಳಿದರೆ ಸರಿಯಾಗಿ ಹೇಳುವುದಿಲ್ಲ. ಇದನ್ನು ಬಳಸಿ ನೋಡಿದವರು ಯಾರಾದರೂ ಇದ್ದೀರಾ?

ಹಳೆಗನ್ನಡಿಗ

ಕಣ್ಣು ಮುಚ್ಚಿ ತೆಗೆದುಕೊಳ್ಳಿ ಮೇಡಂ. ಕನ್ನಡದ ಅಂಗಡಿ, ಕನ್ನಡದ ಗಿರಾಕಿ, ವಿಳಾಸ ಮಾತ್ರ ಏಕೆ ಇಂಗ್ಲಿಷ್? ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮ ಹೆಸರನ್ನು ಬರೆದು ನೋಡಿ: ganadamane, gaanadamane, gaanadhamane, ganada-mane. ಯಾವುದು ಸರಿ? ಫೋನಿನಲ್ಲಿ ಹೇಳುವಾಗ «ಎರಡು ಎ, ಆಮೇಲೆ ಎನ್, ಎಚ್ ಇಲ್ಲ» ಎಂದು ಪ್ರತಿ ಸಲವೂ ಒದರಬೇಕು. ಕನ್ನಡದಲ್ಲಿ ಬರೆಯಲು ಒಂದೇ ರೀತಿ ಇದೆ. ಅದರ ಮೇಲೆ, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕುವವರಿಗೆ ನಿಮ್ಮ ಅಂಗಡಿಯೇ ಮೊದಲು ಬರುತ್ತದೆ.

ಅಂಗಡಿ ಲೆಕ್ಕಿಗ

ಒಂದೇ ರೀತಿ ಎನ್ನುವುದು ಶಾಲೆಯ ಮೇಷ್ಟರಿಗೆ ಸರಿ. ನಮ್ಮ ಅಂಗಡಿಗೆ ಬರುವ ಚೀಟಿಗಳನ್ನು ನೋಡಿ: ಗಾನದ ಎಣ್ಣೆ, ಗಾಣದ ಯೆಣ್ಣೆ, ಗಾಣದೆಣ್ಣೆ. ಣ ಮತ್ತು ನ ವ್ಯತ್ಯಾಸ ಎಷ್ಟು ಜನಕ್ಕೆ ಬೆರಳಿಗೆ ಬರುತ್ತದೆ? ಅದಕ್ಕೂ ಮೊದಲಿನ ಪ್ರಶ್ನೆ, ಈ ಕಾಲದಲ್ಲಿ ವಿಳಾಸವನ್ನು ಟೈಪ್ ಮಾಡುವವರು ಯಾರಿದ್ದಾರೆ? ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಸರಿಯಾಗಿ ಗುರುತಿಸಿ, ನಾಲ್ಕು ಒಳ್ಳೆಯ ಫೋಟೋ ಹಾಕಿ. ಡೊಮೈನಿಗೆ ಕೊಡುವ ಹಣಕ್ಕೆ ಅದೇ ಮೇಲು.

ಬೇರುಬಿಳಲು

ನಾನು ಸರ್ವರ್ ನೋಡಿಕೊಳ್ಳುವ ಕೆಲಸದವನು. ಎರಡು ಕನ್ನಡ ವಿಳಾಸಗಳನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಆ ಹುಡುಗ ಹೇಳಿದ ತಲೆನೋವು ನಿಜ. ಆದರೆ ಎಲ್ಲಿ ನೋವು ಎಂದು ಗೊತ್ತಾದರೆ ಅರ್ಧ ಇಳಿಯುತ್ತದೆ.

ಡೊಮೈನ್ ವ್ಯವಸ್ಥೆಯ ಒಳಗೆ ಕನ್ನಡ ಅಕ್ಷರಗಳು ಓಡಾಡುವುದಿಲ್ಲ. ಗಿರಾಕಿ «ಗಾಣದಮನೆ.ಭಾರತ» ಎಂದು ಬರೆದರೆ ಬ್ರೌಸರ್ ಅದನ್ನು ಇಂಗ್ಲಿಷ್ ಅಕ್ಷರಗಳ ಒಂದು ಸಾಲಾಗಿ ಬದಲಿಸಿ, ಆಮೇಲೆ ಹುಡುಕಲು ಕಳಿಸುತ್ತದೆ. ನಿಮ್ಮ ಹೆಸರು ಆಗುವುದು ಹೀಗೆ:

```
xn--pscyji3a7guc.xn--2scrj9c
```

ಚುಕ್ಕೆಯ ಬಲಗಡೆ ಇರುವುದು «ಭಾರತ». ಈ ಬರಹದ ಹೆಸರು ಪ್ಯೂನಿಕೋಡ್. ವೆಬ್‌ಸೈಟ್ ಮಾಡುವವರು ಸರ್ವರ್ ಹೊಂದಿಸುವ ಎಲ್ಲ ಪುಟಗಳಲ್ಲೂ ಇದನ್ನೇ ತುಂಬಬೇಕು. ಕನ್ನಡದಲ್ಲಿ ತುಂಬಿದರೆ ಕೆಲವು ಪುಟಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಇನ್ನು ಕೆಲವು ಒಪ್ಪಿದಂತೆ ಮಾಡಿ ಸುಮ್ಮನಾಗುತ್ತವೆ. ಮೂರನೆಯದೇ ಅಪಾಯ.

ಹಳೆಗನ್ನಡಿಗರೇ, ಕೊನೆಯ ಮಾತು ಅರ್ಧ ಸರಿ. ಕನ್ನಡದಲ್ಲಿ ಹುಡುಕುವವರಿಗೆ ಸಿಗಬೇಕಾದರೆ ಪುಟದೊಳಗೆ ಕನ್ನಡ ಇರಬೇಕು: «ತಿಪಟೂರಿನಲ್ಲಿ ಗಾಣದ ಕೊಬ್ಬರಿ ಎಣ್ಣೆ» ಎಂಬಂಥ ಮಾತು ಶೀರ್ಷಿಕೆಯಲ್ಲಿ, ಬರಹದಲ್ಲಿ, ಚಿತ್ರದ ವಿವರದಲ್ಲಿ. ಅದಿಲ್ಲದೆ ವಿಳಾಸ ಮಾತ್ರ ಕನ್ನಡವಾದರೆ ಯಾರೂ ಮೇಲೆ ಎತ್ತುವುದಿಲ್ಲ.

ಶಿರಸಿಯವ

ನಮ್ಮ ತೋಟದ ಪುಟವನ್ನು ಕನ್ನಡಕ್ಕೆ ಬದಲಿಸಿದಾಗ ವಿಳಾಸದ ಕೊನೆಯಲ್ಲಿ %E0%B2 ಎಂದು ಶುರುವಾಗುವ ಎರಡು ಸಾಲಿನ ಕಸ ಬಂತು. ವಾಟ್ಸಾಪ್‌ನಲ್ಲಿ ಕಳಿಸಿದರೆ ಜನ «ಇದೇನು ವೈರಸ್ಸಾ» ಎಂದು ಕೇಳಿದರು. ಕನ್ನಡ ಡೊಮೈನ್ ತೆಗೆದುಕೊಂಡರೆ ಅದು ಹೋಗುತ್ತದೆಯೇ?

ಬೇರುಬಿಳಲು

ಇಲ್ಲ, ಅದು ಬೇರೆ ವಿಷಯ. ನಿಮ್ಮದು ಡೊಮೈನಿನ ನಂತರ ಬರುವ ಪುಟದ ಹೆಸರು. ಪುಟಕ್ಕೆ /adike ಎಂದು ಚಿಕ್ಕ ಇಂಗ್ಲಿಷ್ ಹೆಸರಿಟ್ಟು ಶೀರ್ಷಿಕೆಯನ್ನು ಮಾತ್ರ ಕನ್ನಡದಲ್ಲಿಡಿ, ಕಸ ಮಾಯವಾಗುತ್ತದೆ.

ಆದರೆ ನೀವು ಹೇಳಿದ «ವೈರಸ್ಸಾ» ಎನ್ನುವ ಪ್ರಶ್ನೆಯೇ ಇಲ್ಲಿಯೂ ಮುಖ್ಯ. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ «ಗಾಣದಮನೆ.ಭಾರತ» ಎಂದು ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಕಲು ಮಾಡಿ ಇನ್ನೊಬ್ಬರಿಗೆ ಅಂಟಿಸಿದರೆ ಹೋಗುವುದು ಮೇಲೆ ಬರೆದ xn-- ಸಾಲು. ಕಂಪ್ಯೂಟರಿಗೆ ಅದೂ ಇದೂ ಒಂದೇ. ತಂಗಿಗೆ ಕೊಂಡಿ ಕಳಿಸುವ ಅಕ್ಕನಿಗೆ ಒಂದೇ ಅಲ್ಲ. ಹಣ ದೋಚುವ ಸಂದೇಶಗಳು ಹೇಗಿರುತ್ತವೆ ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟಾಗಿದೆ, ಇದು ನೋಡಲು ಥೇಟ್ ಹಾಗೆಯೇ ಇರುತ್ತದೆ.

ತಿಪಟೂರಿನವಳು

ಅಯ್ಯೋ, ನನ್ನ ವ್ಯಾಪಾರ ನಡೆಯುವುದೇ ಹಾಗೆ ಒಬ್ಬರು ಇನ್ನೊಬ್ಬರಿಗೆ ಕಳಿಸಿ. ಹಾಗಾದರೆ ಬೇಡವೇ?

ಬೇರುಬಿಳಲು

ಬೇಡ ಎನ್ನುವುದಿಲ್ಲ. ಎರಡು ಬಾಗಿಲು ಇಡಿ ಎನ್ನುತ್ತೇನೆ. ಇಂಗ್ಲಿಷ್ ಅಕ್ಷರಗಳ ಒಂದು .in ಹೆಸರು ತೆಗೆದುಕೊಂಡು ವೆಬ್‌ಸೈಟನ್ನು ಅದರ ಮೇಲೆ ನಿಲ್ಲಿಸಿ. ಕನ್ನಡ ಹೆಸರಿಗೆ ಬಂದವರನ್ನು ಅಲ್ಲಿಗೆ ದಾಟಿಸಿ. ಆಗ ಗಿರಾಕಿ ಬೋರ್ಡಿನಲ್ಲಿ ಕನ್ನಡ ನೋಡಿ ಒಳಗೆ ಬರುತ್ತಾರೆ. ಬಂದ ಮೇಲೆ ಅವರ ವಿಳಾಸಪಟ್ಟಿಯಲ್ಲಿ ಇರುವುದು .in ಹೆಸರು, ನಕಲು ಮಾಡಿ ಕಳಿಸುವುದೂ ಅದನ್ನೇ. xn-- ಯಾರ ಕಣ್ಣಿಗೂ ಬೀಳುವುದಿಲ್ಲ.

ಹಳೆಗನ್ನಡಿಗ

ಅಂದರೆ ಕನ್ನಡ ಬರೀ ತೋರಣ, ಮನೆ ಇಂಗ್ಲಿಷಿನದು. ಉಲ್ಟಾ ಏಕೆ ಮಾಡಬಾರದು? ಇಂಗ್ಲಿಷ್ ಹೆಸರಿಗೆ ಬಂದವರನ್ನು ಕನ್ನಡಕ್ಕೆ ದಾಟಿಸಲಿ.

ಬೇರುಬಿಳಲು

ಮಾಡಬಹುದು, ತಾಂತ್ರಿಕವಾಗಿ ಏನೂ ಅಡ್ಡಿ ಇಲ್ಲ. ಆಗ ಎಲ್ಲರೂ ನಕಲು ಮಾಡುವುದು xn-- ಸಾಲನ್ನೇ. ನಿಮ್ಮ ಸಿಟ್ಟು ನನಗೂ ಇದೆ. ಆದರೆ ಆ ಸಿಟ್ಟಿನ ಬೆಲೆಯನ್ನು ಎಣ್ಣೆ ಮಾರುವವರು ತೆರಬೇಕಾಗುತ್ತದೆ.

ಹಳೆಗನ್ನಡಿಗ

ಎಲ್ಲರೂ ಹೀಗೆ ಕಾದರೆ ಬ್ರೌಸರಿನವರು ಯಾವ ಕಾಲಕ್ಕೂ ಸರಿ ಮಾಡುವುದಿಲ್ಲ. ನಾನು ನನ್ನ ಮಾತಿಗೇ ನಿಲ್ಲುತ್ತೇನೆ.

ತಿಪಟೂರಿನವಳು

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಎರಡೂ ಹೆಸರು ತೆಗೆದುಕೊಂಡೆ. ಹುಡುಗ ದಾಟಿಸುವ ಕೆಲಸವನ್ನೂ ಮುಗಿಸಿದ. ಅವನ ಫೋನಿನಲ್ಲಿ ಕನ್ನಡ ಹೆಸರು ಒತ್ತಿದರೆ ನೇರವಾಗಿ ಪುಟ ಬರುತ್ತದೆ. ನನ್ನ ಫೋನಿನಲ್ಲಿ «ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ» ಎಂದು ಕೆಂಪು ಗುರುತು ತೋರಿಸುತ್ತದೆ. ಮುಂದೆ ಹೋಗಲು ಭಯವಾಗುತ್ತದೆ. ನನಗೇ ಭಯವಾದರೆ ಗಿರಾಕಿ ಬಿಡಿ.

ಬೇರುಬಿಳಲು

ಇದು ತುಂಬಾ ಸಾಮಾನ್ಯ. ಅವನು http ಬಾಗಿಲಿಗೆ ಮಾತ್ರ ದಾಟುವ ವ್ಯವಸ್ಥೆ ಮಾಡಿದ್ದಾನೆ, ಸುರಕ್ಷಿತ ಸಂಪರ್ಕದ https ಬಾಗಿಲಿಗೆ, ಈ ಹೆಸರು ಈ ತಾಣದ್ದೇ ಎಂದು ತೋರಿಸುವ ಪ್ರಮಾಣಪತ್ರ ಹಾಕಿಲ್ಲ. ನಿಮ್ಮ ಬ್ರೌಸರ್ ಮೊದಲು https ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ ಸರ್ವರ್ .in ಹೆಸರಿನ ಪ್ರಮಾಣಪತ್ರವನ್ನು ತೋರಿಸುತ್ತದೆ. ಹೆಸರು ಹೊಂದಲಿಲ್ಲ ಎಂದು ಬ್ರೌಸರ್ ನಿಂತುಬಿಡುತ್ತದೆ. ಇನ್ನೊಂದು ಕಡೆಗೆ ಹೋಗಿ ಎನ್ನುವ ಮಾತು ಈ ಪರೀಕ್ಷೆಯ ನಂತರವೇ ಕೇಳಿಸುವುದು, ಆದ್ದರಿಂದ ಬರೀ ದಾಟಿಸುವ ಹೆಸರಿಗೂ ಪ್ರಮಾಣಪತ್ರ ಬೇಕೇ ಬೇಕು.

ಖಚಿತ ಮಾಡಿಕೊಳ್ಳಲು, ಆ ಎಚ್ಚರಿಕೆಯ ಪುಟದಲ್ಲಿ ಪ್ರಮಾಣಪತ್ರದ ವಿವರ ತೆರೆದು ನೋಡಿ. ಅದರಲ್ಲಿ .in ಹೆಸರು ಇದ್ದು xn-- ಹೆಸರು ಇಲ್ಲದಿದ್ದರೆ ಇದೇ ಕಾರಣ. ಲೆಟ್ಸ್ ಎನ್‌ಕ್ರಿಪ್ಟ್ 2016ರಿಂದಲೇ ಇಂಥ ಹೆಸರುಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುತ್ತಿದೆ. ಹುಡುಗನಿಗೆ ಈ ಸಾಲು ತೋರಿಸಿ:

```
certbot --nginx -d xn--pscyji3a7guc.xn--2scrj9c
```

-d ಮುಂದೆ ಕನ್ನಡದಲ್ಲಿ ಬರೆದರೆ, ಪ್ರಮಾಣಪತ್ರ ತರಿಸುವ ಈ ಸರ್ಟ್‌ಬಾಟ್ ಒಪ್ಪದೆ, ಪ್ಯೂನಿಕೋಡ್ ಕೊಡಿ ಎಂದು ಕೇಳುತ್ತದೆ. ಬಹುಶಃ ಅವನು ಅಲ್ಲಿಗೇ ಕೈಬಿಟ್ಟಿರಬೇಕು.

ತಿಪಟೂರಿನವಳು

ಸರಿಯಾಯಿತು! ಅವನು ಬಿಟ್ಟಿದ್ದು ಅಲ್ಲಿಯೇ. ಈಗ ಇಮೇಲ್ ವಿಚಾರ. ಬಿಲ್ಲಿನ ಮೇಲೆ ಕನ್ನಡ ಇಮೇಲ್ ಹಾಕಬಹುದೇ?

ಅಂಗಡಿ ಲೆಕ್ಕಿಗ

ಕನ್ನಡ ಡೊಮೈನಿಗೆ ಇಮೇಲ್ ಬರುವುದೇ ಇಲ್ಲ. ನನ್ನ ಭಾವಮೈದ ಪ್ರಯತ್ನಿಸಿ ಸೋತ.

ಬೇರುಬಿಳಲು

ಬರುವುದೇ ಇಲ್ಲ ಎನ್ನಲಾಗದು. @ ಗುರುತಿನ ಎಡಗಡೆ ಇಂಗ್ಲಿಷ್ ಇದ್ದರೆ, ಬಲಗಡೆಯ ಕನ್ನಡವನ್ನು xn-- ಮಾಡಿ ಕಳಿಸಬಹುದು, ಹಳೆಯ ಮೇಲ್ ಸರ್ವರ್ ಕೂಡ ಅದನ್ನು ಒಪ್ಪುತ್ತದೆ. ಎಡಗಡೆಯೂ ಕನ್ನಡವಾದರೆ ಮಾತ್ರ ಬದಲಿಸುವ ಉಪಾಯ ಇಲ್ಲ. ಕಳಿಸುವವರ ಸರ್ವರ್, ಪಡೆಯುವವರ ಸರ್ವರ್ ಎರಡಕ್ಕೂ ಇಂಥ ವಿಳಾಸಗಳಿಗೆಂದೇ ಬಂದ ಹೊಸ ಇಮೇಲ್ ನಿಯಮ ಗೊತ್ತಿರಬೇಕು. ಜಿಮೇಲ್ 2014ರಿಂದ ಅಂಥ ವಿಳಾಸಗಳಿಗೆ ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ಪಡೆಯುತ್ತದೆ. ನಿಮ್ಮ ಭಾವಮೈದ ಸೋತದ್ದು ಇದರಲ್ಲಿರಬೇಕು.

ಆದರೆ ಅಂಗಡಿಯವರಿಗೆ ನಿಜವಾದ ಅಡ್ಡಿ ಸರ್ವರ್ ಅಲ್ಲ, ಅರ್ಜಿ ತುಂಬುವ ಪುಟಗಳು. ಕೊರಿಯರ್, ಬ್ಯಾಂಕು, ಯಾವುದೇ ನೋಂದಣಿ ಇರಲಿ, «ಸರಿಯಾದ ಇಮೇಲ್ ಬರೆಯಿರಿ» ಎಂದು ಕೆಂಪು ಅಕ್ಷರದಲ್ಲಿ ಹೊರಗೆ ಹಾಕುತ್ತವೆ. ಇಮೇಲನ್ನು .in ಹೆಸರಿನಲ್ಲೇ ಇಟ್ಟುಕೊಳ್ಳಿ. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯ ಇಲ್ಲ.

ಅಚ್ಚಿನ ಮೊಳೆ

ನಾನು ಪ್ರೆಸ್ ನಡೆಸುವವನು. ತಾಯಿ, ಚೀಟಿಯನ್ನು ಅಚ್ಚಿಗೆ ಕೊಡುವ ಮೊದಲು ನನ್ನ ಕಥೆ ಕೇಳಿ. ನನ್ನ ಕನ್ನಡ ವಿಳಾಸದಲ್ಲಿ «ಸಂಗಮ» ಎಂಬ ಪದ ಇದೆ. ಹಳೆಯ ವಿಸಿಟಿಂಗ್ ಕಾರ್ಡಿನ ಕಡತದಿಂದ ವಿಳಾಸವನ್ನು ನಕಲು ಮಾಡಿ ಕ್ಯೂಆರ್ ಚೌಕ ಮಾಡಿಸಿದೆ. ಸಾವಿರ ಕಾರ್ಡು ಅಚ್ಚಾಯಿತು. ಸ್ಕ್ಯಾನ್ ಮಾಡಿದರೆ «ಈ ತಾಣ ಸಿಗುತ್ತಿಲ್ಲ». ಕೈಯಿಂದ ಟೈಪ್ ಮಾಡಿದರೆ ಬರುತ್ತದೆ! ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಕೊನೆಗೆ ಮಗಳು ಕಂಡುಹಿಡಿದಳು. ಹಳೆಯ ಕಡತದಲ್ಲಿ ಟೈಪ್ ಮಾಡಿದವನು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದ. ಇದು ಸಂಗಮ, ಇದು ಸ೦ಗಮ. ಮೊದಲನೆಯದು ಅನುಸ್ವಾರ, ಎರಡನೆಯದು ಅಂಕಿ. ಅವಳು ಪತ್ತೆ ಮಾಡಿದ ಬಗೆ ಸುಲಭ: ಕಡತದಲ್ಲಿ «ಸಂಗಮ» ಎಂದು ಹುಡುಕಿದಳು, ಕಣ್ಣೆದುರೇ ಇದ್ದ ಪದವನ್ನು ಯಂತ್ರ «ಇಲ್ಲ» ಎಂದಿತು.

ಬೇರುಬಿಳಲು

ಒಳ್ಳೆಯ ಉದಾಹರಣೆ. ಎರಡನ್ನೂ ಪ್ಯೂನಿಕೋಡಿಗೆ ಬದಲಿಸಿದ್ದರೂ xn-- ಸಾಲುಗಳು ಬೇರೆಬೇರೆ ಬರುತ್ತಿದ್ದವು. ಅನುಮಾನ ಬಂದಾಗ ಕಣ್ಣನ್ನು ನಂಬದೆ ಆ ಸಾಲುಗಳನ್ನು ಹೋಲಿಸಬೇಕು. ಕೋ, ಪೋ ಥರದ ಅಕ್ಷರಗಳನ್ನು ಯೂನಿಕೋಡಿನಲ್ಲಿ ಎರಡು ಮೂರು ರೀತಿ ಜೋಡಿಸಬಹುದು ಎಂದು ಕೆಲವರು ಹೆದರಿಸುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ, ಬ್ರೌಸರ್ ಅವನ್ನೆಲ್ಲ ಒಂದೇ ರೂಪಕ್ಕೆ ತರುತ್ತದೆ. ಸೊನ್ನೆಯನ್ನು ಅನುಸ್ವಾರ ಮಾಡುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಅವು ನಿಜವಾಗಿಯೂ ಬೇರೆ ಅಕ್ಷರಗಳು.

ಕ್ಯೂಆರ್ ಚೌಕದೊಳಗೆ ಮಾತ್ರ ಕನ್ನಡ ಬೇಡ. ಅದನ್ನು ಓದುವುದು ಯಂತ್ರ, ಅದಕ್ಕೆ .in ವಿಳಾಸವನ್ನೇ ಕೊಡಿ. ಚೌಕದ ಕೆಳಗೆ ಕನ್ನಡ ಹೆಸರನ್ನು ದೊಡ್ಡದಾಗಿ ಬರೆಸಿ.

ಅಚ್ಚಿನ ಮೊಳೆ

ಇನ್ನೊಂದು. ಚೀಟಿ ಮಾಡುವವರು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದಿದ್ದರೆ ಆ ಕಡತದಿಂದ ವಿಳಾಸವನ್ನು ಎತ್ತಿ ಎಲ್ಲಿಗೂ ಅಂಟಿಸಬೇಡಿ. ಅಚ್ಚಿನಲ್ಲಿ ಕನ್ನಡ ಕಾಣುತ್ತದೆ, ಒಳಗಿರುವುದು ಯೂನಿಕೋಡ್ ಅಲ್ಲ. ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಬರುತ್ತದೆ.

ಬೇಕರಿ ಬೆಂಕಿ

ನಮ್ಮ ಬೇಕರಿಯ ಹೆಸರು ಹಾಟ್‌ಬೇಕ್. ಡೊಮೈನ್ ಕೊಳ್ಳಲು ಹೋದರೆ ನೋಂದಣಿಯ ಪುಟ ಹೆಸರಿನಲ್ಲಿ «ಅಮಾನ್ಯ ಅಕ್ಷರ» ಇದೆ ಎನ್ನುತ್ತದೆ. ಎಲ್ಲ ಅಕ್ಷರವೂ ಕನ್ನಡದ್ದೇ. ಮೂರು ಸಲ ಬರೆದೆ.

ಬೇರುಬಿಳಲು

ನೀವು ಕಾಣದ ಅಕ್ಷರ ಒಂದಿದೆ. ಟ್ ಮತ್ತು ಬೇ ಒತ್ತಕ್ಷರವಾಗಿ ಅಂಟಿಕೊಳ್ಳದಿರಲು ಕೀಲಿಮಣೆ ನಡುವೆ ಒಂದು ಅದೃಶ್ಯ ಗುರುತು ಹಾಕುತ್ತದೆ. ಅದನ್ನು ತೆಗೆದರೆ ಹೆಸರು ಹಾಟ್ಬೇಕ್ ಆಗುತ್ತದೆ. ಡೊಮೈನ್ ಹೆಸರುಗಳ 2003ರ ನಿಯಮ ಈ ಗುರುತನ್ನು ಸದ್ದಿಲ್ಲದೆ ಕಿತ್ತುಹಾಕುತ್ತಿತ್ತು. 2008ರ ನಿಯಮದಲ್ಲಿ ಟ್ ಥರದ ಅರ್ಧಾಕ್ಷರದ ನಂತರ ಅದಕ್ಕೆ ಅವಕಾಶ ಇದೆ. ಹೀಗೆ ಒಂದೇ ಹೆಸರಿಗೆ ಎರಡು ವಿಳಾಸ ಹುಟ್ಟುವ ಅಪಾಯ ಇರುವುದರಿಂದ ನೋಂದಣಿ ಮಾಡುವವರು ಅದನ್ನು ತಡೆದರೆ ಅಚ್ಚರಿಯಿಲ್ಲ. ಇಂಗ್ಲಿಷ್ ಪದಗಳನ್ನು ಜೋಡಿಸಿದ ಹೆಸರಿನ ಅಂಗಡಿಗಳಿಗೆ ಕನ್ನಡ ಡೊಮೈನ್ ಒಗ್ಗುವುದಿಲ್ಲ ಎನ್ನುವುದೇ ನನ್ನ ಅನುಭವ. ನಡುವೆ ಅಡ್ಡಗೆರೆ ಹಾಕಿ ಹಾಟ್-ಬೇಕ್ ಎಂದು ತೆಗೆದುಕೊಳ್ಳಬಹುದು, ಆಮೇಲೆ ಆ ಗೆರೆಯನ್ನು ಎಲ್ಲರಿಗೂ ಹೇಳುತ್ತಾ ಕೂರಬೇಕು.

ಬೇಕರಿ ಬೆಂಕಿ

ಹೆಸರು ಬದಲಿಸುವುದಿಲ್ಲ ಸ್ವಾಮಿ, ಅಪ್ಪ ಇಟ್ಟದ್ದು. ಇಂಗ್ಲಿಷ್ ವಿಳಾಸವೇ ಇರಲಿ.

ತಿಪಟೂರಿನವಳು

ಅಂಗಡಿ ಲೆಕ್ಕಿಗರು ಮೊದಲೇ ಕೇಳಿದ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು, ಟೈಪ್ ಮಾಡುವವರು ಯಾರು ಎಂದು. ನಿನ್ನೆ ಸಂತೆಯ ದಿನ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ «ಗಾಣದಮನೆ.ಭಾರತ» ಎಂದು ಬರೆದಿಟ್ಟು, ಎಣ್ಣೆಗೆ ಬಂದ ಹತ್ತು ಜನಕ್ಕೆ «ಇದನ್ನು ನಿಮ್ಮ ಫೋನಿನಲ್ಲಿ ತೆಗೆಯಿರಿ ನೋಡೋಣ» ಎಂದೆ.

ನಾಲ್ವರು «ಗಾಣದ ಮನೆ» ಎಂದು ಬಿಡಿಸಿ ಬರೆದರು, ಗೂಗಲ್ ಹುಡುಕಾಟ ತೆರೆದುಕೊಂಡಿತು. ಇಬ್ಬರು ಮೈಕು ಒತ್ತಿ ಮಾತಾಡಿದರು. ಒಬ್ಬರದು «ಗಾಣದ ಮನೆ ಡಾಟ್ ಭಾರತ» ಎಂದು ಅಕ್ಷರವಾಯಿತು, ಚುಕ್ಕೆ ಬರಲೇ ಇಲ್ಲ. ಇನ್ನೊಬ್ಬರದು «ಗಾನದ ಮನೆ» ಆಗಿ ಯಾವುದೋ ಹಾಡಿನ ವಿಡಿಯೋ ಬಂತು. ಕಾಲೇಜು ಹುಡುಗನೊಬ್ಬ «ಭಾರತ್» ಎಂದು ಬರೆದ. ಒಬ್ಬರ ಫೋನಿನಲ್ಲಿ ಕನ್ನಡ ಕೀಲಿಮಣೆಯೇ ಇರಲಿಲ್ಲ. ಸರಿಯಾಗಿ ತೆಗೆದವರು ಇಬ್ಬರು, ಅವರಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು.

ಅಂಗಡಿ ಲೆಕ್ಕಿಗ

ಹತ್ತಕ್ಕೆ ಎರಡು! ನಾನು ಹೇಳಿದ್ದು ಅದೇ ಅಲ್ಲವೇ?

ಬೇರುಬಿಳಲು

«ಭಾರತ್» ಎಂದು ಬರೆದವನ ತಪ್ಪೇನಿಲ್ಲ, ತೆಲುಗಿನಲ್ಲಿ ಅದು ಅರ್ಧಾಕ್ಷರದಿಂದಲೇ ಮುಗಿಯುತ್ತದೆ. ಕನ್ನಡದ್ದಕ್ಕೆ ಕೊನೆಯ ತ ಪೂರ್ತಿ. ಚೀಟಿಯಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಿರಲಿ.

ಲೆಕ್ಕಿಗರೇ, ಇನ್ನೊಂದು ಲೆಕ್ಕವೂ ಬೇಕಲ್ಲ. ಅದೇ ಹತ್ತು ಜನಕ್ಕೆ .in ಹೆಸರನ್ನು ಬರೀ ಬಾಯಲ್ಲಿ ಹೇಳಿದ್ದರೆ ಎಷ್ಟು ಜನ ಸರಿಯಾಗಿ ಬರೆಯುತ್ತಿದ್ದರು?

ತಿಪಟೂರಿನವಳು

ಅದನ್ನೂ ಕೇಳಿದೆ, ಆರು ಜನ ಸಿಕ್ಕರು. ಒಬ್ಬರೂ ಮೊದಲ ಸಲಕ್ಕೆ ಸರಿ ಬರೆಯಲಿಲ್ಲ. ಶುರುವಿನಲ್ಲಿ ಎರಡು ಎ ಇರಬೇಕಾದ ಕಡೆ ಎಲ್ಲರದೂ ಒಂದೇ ಎ.

ಹಾಗಾಗಿ ನನ್ನ ತೀರ್ಮಾನ ಇದು: ಬೋರ್ಡಿನಲ್ಲಿ ಕನ್ನಡ ಹೆಸರು, ಪಕ್ಕದಲ್ಲಿ ಕ್ಯೂಆರ್. ಬಿಲ್ಲು, ಇಮೇಲ್, ವಾಟ್ಸಾಪ್ ಎಲ್ಲಕ್ಕೂ .in. ಗೂಗಲ್ ನಕ್ಷೆಯಲ್ಲಿ ಹೆಸರನ್ನು «ಗಾಣದ ಮನೆ» ಎಂದು ಬಿಡಿಸಿಯೇ ಹಾಕಿದ್ದೇನೆ, ಬಿಡಿಸಿ ಬರೆದ ನಾಲ್ವರಿಗೂ ಸಿಗಲಿ ಎಂದು. ಡಬ್ಬಿಯ ಚೀಟಿಯಲ್ಲಿ ಯಾವ ಹೆಸರು ದೊಡ್ಡದು ಎಂದು ಮನೆಯಲ್ಲಿ ಇನ್ನೂ ಜಗಳ ನಡೆದಿದೆ. ಬೆಂಗಳೂರಿನ ಮಗ «ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ» ಎನ್ನುತ್ತಾನೆ. ಅತ್ತೆ «ಡಬ್ಬಿ ನಮ್ಮೂರಿನದು» ಎನ್ನುತ್ತಾರೆ.

ಹಳೆಗನ್ನಡಿಗ

ಅತ್ತೆಯವರಿಗೆ ನನ್ನ ಮತ.

ಅಂಗಡಿ ಲೆಕ್ಕಿಗ

ಮಗನಿಗೆ ನನ್ನದು. ಎರಡು ಹೆಸರಿನ ನವೀಕರಣದ ದಿನಾಂಕವನ್ನು ಮಾತ್ರ ಒಂದೇ ಕಡೆ ಬರೆದಿಡಿ. ಬೋರ್ಡಿನ ಮೇಲಿರುವ ಹೆಸರು ಒಂದು ವರ್ಷ ಮರೆತು ಕೈತಪ್ಪಿದರೆ ಇನ್ಯಾರೋ ಕೊಂಡು ಕೂರುತ್ತಾರೆ.

ತಿಪಟೂರಿನವಳು

ಬೋರ್ಡು ಇವತ್ತು ಬಂತು. ಪೇಂಟರ್ ಚೆನ್ನಾಗಿಯೇ ಬರೆದಿದ್ದಾರೆ, ಣ ಕೂಡ ದುಂಡಗಿದೆ. ಚುಕ್ಕೆ ಮಾತ್ರ ಇಲ್ಲ. ಕೇಳಿದರೆ «ಬೋರ್ಡಿನ ನಡುವೆ ಯಾರಾದರೂ ಪೂರ್ಣವಿರಾಮ ಇಡುತ್ತಾರೆಯೇ ಅಮ್ಮ, ತಪ್ಪಾಗಿ ಬಿದ್ದಿದೆ ಎಂದು ಅಳಿಸಿದೆ» ಎಂದರು. ಈಗ «ಗಾಣದಮನೆ ಭಾರತ» ಎಂದಿದೆ. ಬೆಳಿಗ್ಗೆಯಿಂದ ಇಬ್ಬರು, ಬೇರೆ ದೇಶದಲ್ಲೂ ನಮ್ಮ ಶಾಖೆ ಇದೆಯೇ ಎಂದು ಕೇಳಿ ಹೋದರು.